ಹಂದರದಲ್ಲಿ ಆಡಬಾರದ ಮಾತು

ನಾನು ಚಿಕ್ಕೋಡಿಯಲ್ಲಿ ವಿಮೆಯ ಏಜೆಂಟನಾಗಿ ಇಪ್ಪತ್ತು ವರ್ಷಗಳ ಮೇಲಾಯಿತು. ನಮ್ಮ ಬಂಧುಬಳಗ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ತುಂಬ ಹಬ್ಬಿದೆ. ಬೇಸಗೆ ಬಂತೆಂದರೆ ವಾರಕ್ಕೆರಡು ಲಗ್ನಪತ್ರಿಕೆಗಳು ಬರುತ್ತವೆ. ಒಂದು ಕಾಲಕ್ಕೆ ನಾನು ಹಂದರದಲ್ಲಿ ಕಾಲಿಟ್ಟೊಡನೆ ಇಬ್ಬರು ಮೂವರು ಕೈ ತೊಳೆಯುವ ನೆವದಿಂದ ಎದ್ದುಹೋಗುತ್ತಿದ್ದರು. ಅದು ಕೇವಲ ನಗೆಯ ಮಾತೆಂದು ಬಹಳ ದಿನ ತಿಳಿದಿದ್ದೆ. ಹಾಗಲ್ಲವೆಂದು ನನಗೆ ಕಲಿಸಿದವರು ತಾಯಿಯ ಕಡೆಯ ಒಬ್ಬ ಮಾವ.

ಆರೇಳು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ರಾಯಬಾಗದ ಒಂದು ಮದುವೆ. ಅಕ್ಕಿಕಾಳು ಬಿದ್ದು, ಪಂಕ್ತಿ ಕುಳಿತಿತ್ತು. ಮಾವ ನನ್ನ ಪಕ್ಕದಲ್ಲಿದ್ದರು. ಕಾಗವಾಡದ ಕಡೆ, ಕೃಷ್ಣೆಯ ದಂಡೆಗೆ ಅವರದು ನಾಲ್ಕೆಕರೆ ಕಬ್ಬು. ಹುಗ್ಗಿ ಬಡಿಸುವಷ್ಟರಲ್ಲಿ ನಾನು ಮಾತು ತೆಗೆದೆ. ಊಟ ಮುಗಿಯುವುದರೊಳಗೆ ಅವರು ಒಪ್ಪಿದರು. ಅಲ್ಲಿಯೇ ಅರ್ಜಿಯ ಪ್ರಶ್ನೆಗಳನ್ನು ಕೇಳಿ ಬರೆದುಕೊಂಡೆ. “ಏನಾದರೂ ಕಾಯಿಲೆ ಐತೇನ್ರಿ ಮಾವ?” ಎಂದೆ. “ಏನೂ ಇಲ್ಲ” ಎಂದರು. ಮೂರು ತಿಂಗಳಿಗೊಮ್ಮೆ 8,000 ರೂಪಾಯಿಯ ಕಂತು ಎಂದು ನಿಶ್ಚಯವಾಯಿತು. ಮರುದಿನ ಸಹಿಯೂ ಆಯಿತು. ನನಗೆ ಎಂಥ ಸುಲಭದ ದಿನವೆನ್ನಿಸಿತು!

ಆಗಸ್ಟಿನ ಕಂತನ್ನು ಮಾವ ಸಾಲ ಮಾಡಿ ಕಟ್ಟಿದರಂತೆ. ನವೆಂಬರಿನದು ಬರಲಿಲ್ಲ. ಕಂತಿಗೆ ಮೂವತ್ತು ದಿನಗಳ ಸವಲತ್ತಿನ ಅವಧಿ ಇರುತ್ತದೆ. ಅದೂ ಡಿಸೆಂಬರಿನಲ್ಲಿ ತೀರಿತು. ಪಾಲಿಸಿ ನಿಂತುಹೋಯಿತು. ಅವರ ಕೈಗೆ ಕಬ್ಬಿನ ಬಿಲ್ಲು ಬಂದದ್ದು ಜನವರಿಯಲ್ಲಿ. ಒಂದು ವರ್ಷದ ಕಂತೂ ತುಂಬದ ಪಾಲಿಸಿಗೆ ಬಿಟ್ಟುಕೊಟ್ಟರೂ ಏನೂ ಸಿಗುವುದಿಲ್ಲವಾದ್ದರಿಂದ 16,000 ರೂಪಾಯಿ ನೀರಿನಲ್ಲಿ ಹೋಮವಾಯಿತು. ಮೊದಲ ವರ್ಷದ ಕಮಿಶನ್ನೇ ಏಜೆಂಟನಿಗೆ ಎಲ್ಲಕ್ಕಿಂತ ದೊಡ್ಡದು. ಕಟ್ಟಿದ ಎರಡು ಕಂತಿನ ಪಾಲು ನನ್ನ ಲೆಕ್ಕದಲ್ಲಿ ಜಮೆಯಾಗಿತ್ತು.

ನಿಂತ ಪಾಲಿಸಿಯನ್ನು ಬಡ್ಡಿಯೊಡನೆ ಮತ್ತೆ ಚಾಲ್ತಿಗೆ ತರಬಹುದು, ಆರೋಗ್ಯದ ಹೇಳಿಕೆ ಮಾತ್ರ ಹೊಸದಾಗಿ ಬೇಕು ಎಂದು ಹೇಳಲು ಅವರ ಮನೆಗೆ ಹೋದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಳಿಯಾ, ನನಗ ಸಕ್ಕರೆ ಕಾಯಿಲೆ ಐತಿ. ನಾಲ್ಕು ವರ್ಷ ಆತು, ಗುಳಿಗಿ ನುಂಗಾಕತ್ತೀನಿ” ಎಂದರು. “ಅವತ್ತ ಯಾಕ ಹೇಳಲಿಲ್ಲ?” ಎಂದೆ. “ಎದುರಿನ ಸಾಲಿನ್ಯಾಗ ಯಾರು ಕೂತಿದ್ರು ನೋಡಿದೇನು? ನಮ್ಮ ಹುಡುಗೀನ ನೋಡಾಕ ಬರೋರು. ಅವರ ಮುಂದ ಹೆಂಗ ಹೇಳಲಿ?”

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಪಾಲಿಸಿ ನಿಲ್ಲದೆ ನಡೆದಿದ್ದು, ಎರಡನೆಯ ವರ್ಷದಲ್ಲಿ ಮಾವ ತೀರಿಕೊಂಡಿದ್ದರೆ ಏನಾಗುತ್ತಿತ್ತು? ಮೂರು ವರ್ಷ ತುಂಬುವವರೆಗೆ ಅರ್ಜಿಯಲ್ಲಿಯ ಸುಳ್ಳನ್ನು ತೋರಿಸಿ ಪಾಲಿಸಿಯನ್ನು ಪ್ರಶ್ನಿಸುವ ಅಧಿಕಾರವನ್ನು ವಿಮಾ ಕಾಯದೆಯ 45ನೆಯ ಕಲಮು ಕಂಪನಿಗೆ ಕೊಟ್ಟಿದೆ. ಗುಳಿಗೆಯ ಚೀಟಿ ಸಿಕ್ಕಿದ್ದರೆ ಅತ್ತೆಗೆ ಹಣ ಬಾರದೆ ಹೋಗಬಹುದಾಗಿತ್ತು. ಸುಳ್ಳು ಹೇಳಿದವರು ಮಾವನೆಂದು ಕಾಗದ ಹೇಳುತ್ತಿತ್ತು. ಆದರೆ ನಿಜ ಹೇಳಲಾಗದ ಜಾಗದಲ್ಲಿ ಪ್ರಶ್ನೆ ಕೇಳಿದವನು ನಾನು.

ಹಂದರದಲ್ಲಿ ವ್ಯಾಪಾರ ಮಾಡಬಾರದೆಂಬುದು ಬರಿಯ ಶಿಷ್ಟಾಚಾರದ ಮಾತೆಂದು ಕೆಲವರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದು ಸತ್ಯಾಸತ್ಯದ ಮಾತು. ವಿಮೆಗೆ ಬೇಕಾದದ್ದು ವಯಸ್ಸು, ಆದಾಯ, ಸಾಲ, ಕಾಯಿಲೆ. ಈ ನಾಲ್ಕನ್ನೂ ನಮ್ಮ ಜನ ಮದುವೆಯ ಮನೆಯಲ್ಲಿ ಮುಚ್ಚಿಕೊಂಡೇ ಕೂರುತ್ತಾರೆ. ಕಂತಿನ ತಾರೀಖೂ ಹಾಗೆಯೆ. ನಿಪ್ಪಾಣಿಯ ತಂಬಾಕಿನವನ ಹಣ ಬರುವ ಕಾಲ ಬೇರೆ, ಕಬ್ಬಿನವನದು ಬೇರೆ, ಚಿಕ್ಕೋಡಿಯ ಪಗಾರದವನದು ಬೇರೆ. ಮಾವನಿಗೆ ಬೇಕಾಗಿದ್ದದ್ದು ಕಬ್ಬಿನ ಬಿಲ್ಲು ಕೈಸೇರಿದ ಮೇಲೆ, ಫೆಬ್ರುವರಿಯಲ್ಲಿ, ವರ್ಷಕ್ಕೊಂದೇ ಕಂತು. ಅವರ ಮನೆಯಲ್ಲಿ ಅರ್ಧ ತಾಸು ಕುಳಿತಿದ್ದರೆ ಇದು ತಾನಾಗಿ ಹೊರಬೀಳುತ್ತಿತ್ತು.

ಇನ್ನೂ ಒಂದು ಮಾತಿದೆ. ನಮ್ಮ ಮದುವೆಗಳಲ್ಲಿ ಆಯೇರವನ್ನು ವಹಿಯಲ್ಲಿ ಬರೆದಿಡುತ್ತಾರೆ. ಯಾರು ಏನು ತಂದರೋ ಅವರ ಮನೆಯ ಕಾರ್ಯಕ್ಕೆ ಅಷ್ಟನ್ನಾದರೂ ಹೊರಳಿಸಬೇಕು. ಮುಯ್ಯಿಯ ಈ ಋಣ ಪ್ರೀತಿಯ ಋಣ. ನಾನು ಅವರ ಕಾರ್ಯಕ್ಕೆ ಹೋಗಿ ನಿಂತದ್ದೂ ಅವರ ಮನಸ್ಸಿನ ವಹಿಯಲ್ಲಿ ಇದ್ದೇ ಇರುತ್ತದೆ. ಅಂಥವನೆದುರು ಪಾಲಿಸಿಯ ಮಾತು ತೆಗೆದರೆ, ಅವನು ಸಹಿ ಹಾಕುವುದು ವಿಮೆಗಲ್ಲ, ಮುಯ್ಯಿಗೆ. ಕಾಗದ ಕೈಸೇರಿದ ಮೇಲೆ ಒಲ್ಲದಿದ್ದರೆ ಹಿಂದಿರುಗಿಸಲು ಆಗ ಹದಿನೈದು ದಿನಗಳ ಅವಕಾಶವಿತ್ತು. 2024ರಿಂದ ಮೂವತ್ತು ದಿನ. ಮಾವ ಯಾಕೆ ಹಿಂದಿರುಗಿಸಲಿಲ್ಲ? “ನೀ ಏನ ಅಂದಕೊಂಡೀಯೋ ಅಂತ” ಎಂದರು. ಕಾಯದೆ ಕೊಟ್ಟ ಬಾಗಿಲನ್ನು ನೆಂಟಸ್ತಿಕೆ ಮುಚ್ಚಿತ್ತು. ‘ಒಲ್ಲೆ’ ಎನ್ನಲಾಗದವನ ‘ಹೂಂ’ಗೆ ಬೆಲೆಯೇನು?

ಹಾಗಾದರೆ ಬಾಯಿ ಹೊಲಿದುಕೊಂಡು ಕೂರಬೇಕೆ? ಅದೂ ಸರಿಯಲ್ಲ. ಉದ್ಯೋಗವೇನೆಂದು ಕೇಳಿದರೆ ಏಜೆಂಟನೆಂದೇ ಹೇಳುತ್ತೇನೆ. ಅದನ್ನು ಮರೆಸಿ, ನಾಲ್ಕು ದಿನದ ಮೇಲೆ “ಸುಮ್ಮನೆ ಕಂಡು ಹೋಗಲು ಬಂದೆ” ಎಂದು ಚೀಲದಲ್ಲಿ ಅರ್ಜಿಯಿಟ್ಟುಕೊಂಡು ಬಾಗಿಲು ತಟ್ಟುವುದು ಇನ್ನೂ ಕೆಟ್ಟದ್ದು. ಯಾರಾದರೂ ನಿಜವಾಗಿ ಏನನ್ನೋ ಕೇಳಿದರೆ, ಕೇಳಿದಷ್ಟಕ್ಕೆ ಉತ್ತರ ಹೇಳುತ್ತೇನೆ. ಮುಂದಿನದು ಬೇಕೆಂದರೆ ನನ್ನ ನಂಬರು ಕೊಡುತ್ತೇನೆ, ಅವರದನ್ನು ಕೇಳುವುದಿಲ್ಲ. ಫೋನು ಮಾಡುವುದೋ ಬಿಡುವುದೋ ಅವರ ಕೈಯಲ್ಲಿರಲಿ. ಹತ್ತು ಮಂದಿಯಲ್ಲಿ ಏಳು ಮಂದಿ ಮಾಡುವುದಿಲ್ಲ. ಆ ಏಳು ಮಂದಿಯೇ ಮೊದಲು ನನ್ನನ್ನು ಕಂಡು ಕೈ ತೊಳೆಯಲು ಏಳುತ್ತಿದ್ದವರು.

ಒಂದು ಪ್ರಸಂಗದಲ್ಲಿ ಮಾತ್ರ ನಾನಾಗಿಯೇ ಮಾತು ತೆಗೆಯುತ್ತೇನೆ. ಅಥಣಿಯ ಒಂದು ಸೀಮಂತದಲ್ಲಿ, ಗಂಡನನ್ನು ಕಳೆದುಕೊಂಡ ತಂಗಿಯೊಬ್ಬಳು ಅವನ ಟ್ರಂಕಿನಲ್ಲಿ ಹಳೆಯ ಪಾಲಿಸಿಯ ಕಾಗದ ಸಿಕ್ಕಿದ್ದನ್ನು ಹೆಂಗಸರಲ್ಲಿ ಆಡುತ್ತಿದ್ದಳು. ಬದಿಗೆ ಕರೆದು, ಅದನ್ನು ಎಸೆಯಬೇಡ, ಮರಣದ ದಾಖಲೆಯೊಡನೆ ಶಾಖೆಗೆ ಒಯ್ದು ತೋರಿಸು ಎಂದೆ. ಅದರಲ್ಲಿ ನನಗೆ ಕಾಸಿನ ಲಾಭವಿರಲಿಲ್ಲ. ಬಾಯಿಗೆ ಬಂದ ಮಾತನ್ನು ಈಗ ಅಳೆಯುವುದು ಹೀಗೆ: ಇದರಿಂದ ನನಗೆ ಹಣ ಬರುವುದಾದರೆ ಅದು ನಾಳೆಯವರೆಗೆ ತಡೆಯಲಿ, ಅವರಿಗೆ ಮಾತ್ರ ಬರುವುದಾದರೆ ಈಗಲೇ, ಆದರೆ ಕಿವಿಯಲ್ಲಿ.

ಇದರಿಂದ ನಷ್ಟವಾಗಲಿಲ್ಲವೆ ಎಂದರೆ, ಆಯಿತು. ಮೊದಲ ಎರಡು ವರ್ಷ ನನ್ನ ಹೊಸ ಪಾಲಿಸಿಗಳು ಕಡಿಮೆಯಾದವು. ಮನೆಯಲ್ಲಿ ಅದರ ಮಾತೂ ಬಂತು. ಅದಕ್ಕೆ ನನ್ನಲ್ಲಿ ಸುಲಭದ ಉತ್ತರವಿರಲಿಲ್ಲ.

ಹೋದ ವರ್ಷ ಮಾವನ ಮಗಳ ಮದುವೆ ನಿಪ್ಪಾಣಿಯಲ್ಲಿ ಆಯಿತು. ಪಂಕ್ತಿಯಲ್ಲಿ ಮತ್ತೆ ಪಕ್ಕಪಕ್ಕದಲ್ಲಿ ಕುಳಿತೆವು. “ಧಂದೆ ಹೆಂಗ ನಡದೈತಿ?” ಎಂದರು. “ನಡದೈತ್ರಿ ಮಾವ” ಎಂದು, ಕಬ್ಬು ಎಕರೆಗೆ ಎಷ್ಟು ಟನ್ನು ಬಿತ್ತೆಂದು ಕೇಳಿದೆ. ಫೆಬ್ರುವರಿಯಲ್ಲಿ ಅವರೇ ಫೋನು ಮಾಡಿದರು. ಮನೆಯ ಪಡಸಾಲೆಯಲ್ಲಿ ಕಾಗದ ಬಿಚ್ಚಿದಾಗ, ನಾನು ಕೇಳುವ ಮೊದಲೇ, “ಸಕ್ಕರೆ ಕಾಯಿಲೆ ಐತಿ ಅಂತ ಬರಕೊ. ರೊಕ್ಕ ಹೆಚ್ಚಾದರ ಆಗಲಿ” ಎಂದರು.