ಪಿ ಮೌಲ್ಯ 0.09 ಬಂದರೆ ಚಿಕಿತ್ಸೆ ಸೋತಂತೆಯೇ?

ಶ್ವಾಸಕೋಶ ತೀವ್ರವಾಗಿ ಕೆಟ್ಟು, ವೆಂಟಿಲೇಟರ್ ಹಾಕಿದರೂ ಆಮ್ಲಜನಕ ಸಾಲದ ರೋಗಿಗಳಿಗೆ ಎಕ್ಮೋ ಎಂಬ ಚಿಕಿತ್ಸೆ ಇದೆ. ರಕ್ತವನ್ನು ದೇಹದ ಹೊರಗೆ ಹರಿಸಿ, ಯಂತ್ರದಲ್ಲೇ ಆಮ್ಲಜನಕ ಸೇರಿಸಿ ಮತ್ತೆ ಒಳಕ್ಕೆ ಬಿಡುತ್ತಾರೆ. ಇದರಿಂದ ಜೀವ ಉಳಿಯುತ್ತದೆಯೇ ಎಂದು ತಿಳಿಯಲು ನಡೆದ ಇಯೋಲಿಯಾ ಅಧ್ಯಯನ 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಎಕ್ಮೋ ಗುಂಪಿನ 124 ಮಂದಿಯಲ್ಲಿ 60 ದಿನಗಳೊಳಗೆ 44 ಮಂದಿ ತೀರಿಕೊಂಡರು. ಮಾಮೂಲಿ ಚಿಕಿತ್ಸೆಯ 125 ಮಂದಿಯಲ್ಲಿ 57 ಮಂದಿ. ಪಿ ಮೌಲ್ಯ 0.09. ಸಾವಿನಲ್ಲಿ ಸಾಂಖ್ಯಿಕವಾಗಿ ಗಣನೀಯ ಇಳಿಕೆ ಕಾಣಲಿಲ್ಲ ಎಂಬುದು ಅಧ್ಯಯನದ ತೀರ್ಮಾನ. ಹಾಗಾದರೆ ಎಕ್ಮೋದಿಂದ ಪ್ರಯೋಜನವಿಲ್ಲ ಎಂದು ಓದುಗ ತಿಳಿಯಬಹುದೇ? ಖಂಡಿತ ತಿಳಿಯಬಾರದು ಎಂಬುದು ನನ್ನ ವಾದ.

ಮೊದಲು ಆ 0.09 ಏನೆಂದು ನೋಡೋಣ. ಎಕ್ಮೋದಿಂದ ಏನೇನೂ ಪರಿಣಾಮವಿಲ್ಲ ಎಂದು ಒಂದು ಕ್ಷಣ ಒಪ್ಪಿಕೊಳ್ಳಿ. ಆಗಲೂ ಯಾವ ರೋಗಿ ಯಾವ ಗುಂಪಿಗೆ ಬಿದ್ದ ಎಂಬ ಆಕಸ್ಮಿಕದಿಂದ ಎರಡು ಗುಂಪುಗಳ ನಡುವೆ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಇಷ್ಟೇ ದೊಡ್ಡ ಅಧ್ಯಯನವನ್ನು ಮತ್ತೆ ಮತ್ತೆ ಮಾಡಿದರೆ, ನೂರರಲ್ಲಿ ಸುಮಾರು ಒಂಬತ್ತು ಸಲ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡೀತು. ಪಿ ಮೌಲ್ಯ ಹೇಳುವುದು ಇಷ್ಟನ್ನೇ. ‘ಈ ಫಲಿತಾಂಶ ಆಕಸ್ಮಿಕವಾಗಿರುವ ಸಾಧ್ಯತೆ ಶೇ 9’ ಎಂದೋ, ‘ಎಕ್ಮೋ ಕೆಲಸ ಮಾಡುವ ಸಾಧ್ಯತೆ ಶೇ 91’ ಎಂದೋ ಅದನ್ನು ಓದುವಂತಿಲ್ಲ. ಪರಿಣಾಮವಿಲ್ಲ ಎಂದು ಊಹಿಸಿಯೇ ಹುಟ್ಟಿದ ಸಂಖ್ಯೆ, ಆ ಊಹೆ ಎಷ್ಟು ನಿಜವೆಂದು ಹೇಳಲಾರದು. ಅದನ್ನು ತಿಳಿಯಲು ಅಧ್ಯಯನಕ್ಕೆ ಮುಂಚೆ ನಮಗೆ ಎಷ್ಟು ನಂಬಿಕೆಯಿತ್ತು ಎಂಬುದೂ ಬೇಕು. ಇದೇ ಅಂಕಿಅಂಶವನ್ನು ಬೇಸಿಯನ್ ಕ್ರಮದಲ್ಲಿ ಮರುವಿಶ್ಲೇಷಿಸಿದ ಲೇಖನವೊಂದು ಅದೇ ವರ್ಷ ಜಾಮಾ ಪತ್ರಿಕೆಯಲ್ಲಿ ಬಂತು. ಎಕ್ಮೋ ಸಾವನ್ನು ಒಂದಿಷ್ಟಾದರೂ ತಗ್ಗಿಸುವ ಸಾಧ್ಯತೆ, ಮೊದಲಿನ ನಂಬಿಕೆಗೆ ತಕ್ಕಂತೆ, ಶೇ 88ರಿಂದ ಶೇ 99ರವರೆಗೆ ಇತ್ತು.

ಇನ್ನು 0.05 ಎಂಬ ಗೆರೆ. ಸರಳ ಲೆಕ್ಕ ಹಾಕಿ ನೋಡಿದರೆ, ಎಕ್ಮೋ ಗುಂಪಿನಲ್ಲಿ ಇನ್ನು ಮೂವರು ಬದುಕಿದ್ದರೆ ಪಿ ಮೌಲ್ಯ ಆ ಗೆರೆಯ ಕೆಳಗಿಳಿಯುತ್ತಿತ್ತು. ಇದೇ ಸಾವಿನ ಪ್ರಮಾಣ ಎರಡರಷ್ಟು ರೋಗಿಗಳಲ್ಲಿ ಕಂಡಿದ್ದರೆ ಅದು ಸುಮಾರು 0.02 ಆಗುತ್ತಿತ್ತು. ಚಿಕಿತ್ಸೆಯೂ ಅದೇ, ಪರಿಣಾಮದ ಗಾತ್ರವೂ ಅದೇ. ಆದರೆ ಶೀರ್ಷಿಕೆ ಮಾತ್ರ ತಿರುಗುಮುರುಗು. ಪಿ ಮೌಲ್ಯದಲ್ಲಿ ಪರಿಣಾಮ ಎಷ್ಟು ಮತ್ತು ರೋಗಿಗಳು ಎಷ್ಟು ಎಂಬ ಎರಡು ಸಂಗತಿಗಳು ಬೆರೆತುಹೋಗಿರುತ್ತವೆ.

ಅವೆರಡನ್ನೂ ಬಿಡಿಸಿ ತೋರಿಸುವುದು ಕಾನ್ಫಿಡೆನ್ಸ್ ಇಂಟರ್ವಲ್. ಇಯೋಲಿಯಾದಲ್ಲಿ ಸಾಪೇಕ್ಷ ಅಪಾಯ 0.76, ಅದರ ಶೇ 95ರ ವ್ಯಾಪ್ತಿ 0.55ರಿಂದ 1.04. ರೋಗಿಯ ಮನೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ನೂರು ರೋಗಿಗಳಲ್ಲಿ ಸುಮಾರು 22 ಸಾವು ಕಡಿಮೆಯಾಗುವುದರಿಂದ ಹಿಡಿದು 2 ಸಾವು ಹೆಚ್ಚಾಗುವವರೆಗೆ ಈ ಅಂಕಿಅಂಶಕ್ಕೆ ಹೊಂದುತ್ತದೆ. ವ್ಯಾಪ್ತಿ 1ನ್ನು ದಾಟಿತೇ ಎಂದು ಮಾತ್ರ ನೋಡಿ ಪುಟ ತಿರುಗಿಸಿದರೆ ಮತ್ತೆ ಪಿ ಮೌಲ್ಯಕ್ಕೇ ಮರಳಿದಂತಾಯಿತು. ಎರಡೂ ತುದಿಗಳನ್ನು ನೋಡಬೇಕು. ಒಂದು ತುದಿಯಲ್ಲಿ ಭಾರೀ ಲಾಭವಿದೆ, ಇನ್ನೊಂದರಲ್ಲಿ ಅಲ್ಪ ಹಾನಿ, ನಡುವಿನ 0.76ರ ಆಸುಪಾಸಿನ ಮೌಲ್ಯಗಳು ತುದಿಗಳಿಗಿಂತ ಹೆಚ್ಚು ಹೊಂದುತ್ತವೆ. ನಿಜವಾದ ಮೌಲ್ಯ ಈ ವ್ಯಾಪ್ತಿಯೊಳಗೆ ಇರುವ ಸಾಧ್ಯತೆ ಶೇ 95 ಎಂದು ಮಾತ್ರ ಓದಬೇಡಿ. ಇದೇ ವಿಧಾನದಲ್ಲಿ ನೂರು ಅಧ್ಯಯನಗಳಿಂದ ನೂರು ವ್ಯಾಪ್ತಿ ಕಟ್ಟಿದರೆ ಸುಮಾರು 95 ನಿಜವಾದ ಮೌಲ್ಯವನ್ನು ಒಳಗೊಳ್ಳುತ್ತವೆ. ಆ ಶೇ 95 ವಿಧಾನಕ್ಕೆ ಸೇರಿದ ಮಾತು.

ವ್ಯಾಪ್ತಿಗೂ ಕಾಣದ ಸಂಗತಿಗಳಿವೆ. ಮಾಮೂಲಿ ಚಿಕಿತ್ಸೆಯ ಗುಂಪಿನ 35 ಮಂದಿಗೆ ಸ್ಥಿತಿ ಬಿಗಡಾಯಿಸಿದಾಗ ಎಕ್ಮೋ ಕೊಡಲಾಯಿತು; ಆದರೂ ಲೆಕ್ಕದಲ್ಲಿ ಅವರು ಮೂಲ ಗುಂಪಿನಲ್ಲೇ ಉಳಿದರು. ಎಕ್ಮೋಗೆ ಶಕ್ತಿಯಿದ್ದರೆ, ಈ ಅದಲುಬದಲು ವ್ಯತ್ಯಾಸವನ್ನು ಕುಗ್ಗಿಸಿರಬಹುದು. ಸಾವಿನ ಪ್ರಮಾಣ ಶೇ 60ರಿಂದ ಶೇ 40ಕ್ಕೆ ಇಳಿದೀತೆಂದು ಅಂದಾಜಿಸಿ 331 ರೋಗಿಗಳವರೆಗೆ ಯೋಜಿಸಿದ್ದ ಅಧ್ಯಯನ, ಅಂಥ ಲಾಭ ಕಾಣುವ ಆಸೆಯಿಲ್ಲವೆಂದು 249ಕ್ಕೇ ನಿಂತಿತು. ಅಷ್ಟು ದೊಡ್ಡ ಲಾಭವಿರುವ ಸಂಭವ ಕಡಿಮೆ ಎಂದು ಇಯೋಲಿಯಾ ಹೇಳಿತು, ಸರಿ. ಹತ್ತು ಅಂಶಗಳ ಲಾಭ ಇಲ್ಲವೆಂದು ಅದು ಎಲ್ಲಿಯೂ ತೋರಿಸಿಲ್ಲ.

ಎಂ.ಡಿ. ಪ್ರಬಂಧ ಬರೆಯುತ್ತಿರುವ ಗೆಳೆಯರಲ್ಲಿ ನನ್ನ ಕೋರಿಕೆ ಇದು: ನಿಮ್ಮ ಕೋಷ್ಟಕದಲ್ಲಿ ‘ಎನ್‌ಎಸ್’ ಎಂದು ಬರೆದು ಬಿಟ್ಟ ಸಾಲುಗಳಿಗೆ ಹಿಂದಿರುಗಿ, ಪ್ರತಿಯೊಂದಕ್ಕೂ ವ್ಯತ್ಯಾಸವನ್ನೂ ಅದರ ಎರಡು ತುದಿಗಳನ್ನೂ ಬರೆಯಿರಿ. ರೋಗಿಗೆ ಮುಖ್ಯವಾದಷ್ಟು ಲಾಭ ಆ ತುದಿಗಳ ನಡುವೆ ಇನ್ನೂ ಉಳಿದಿದ್ದರೆ, ‘ಪ್ರಯೋಜನವಿಲ್ಲ’ ಎಂಬ ವಾಕ್ಯವನ್ನು ಅಳಿಸಿಬಿಡಿ.