ಫೋಟೊಗಳ ನಡುವಿನ ಸುಳ್ಳು

ಬಾಡಿಗೆ ಮನೆಯ ಜಾಹೀರಾತಿನಲ್ಲಿ ಸುಳ್ಳು ಹೇಳಲು ಸುಳ್ಳು ಫೋಟೊ ಬೇಕಿಲ್ಲ. ಅದೇ ಮನೆಯಲ್ಲಿ, ಅದೇ ದಿನ, ಯಾವ ತಿದ್ದುಪಡಿಯೂ ಇಲ್ಲದೆ ತೆಗೆದ ಹತ್ತು ಫೋಟೊಗಳು ಸಾಕು. ಯಾವುದನ್ನು ಬಿಟ್ಟೆವು, ಯಾವುದನ್ನು ಮೊದಲಿಟ್ಟೆವು, ಯಾವುದರ ಪಕ್ಕ ಯಾವುದನ್ನು ಇಟ್ಟೆವು ಎಂಬಷ್ಟರಿಂದಲೇ ಇಲ್ಲದ ಮನೆಯೊಂದನ್ನು ಕಟ್ಟಬಹುದು. ಒಂದೊಂದು ಚಿತ್ರವೂ ನಿಜವಾಗಿದ್ದು ಒಟ್ಟು ಮಾತು ಸುಳ್ಳಾದರೆ, ಆ ಸುಳ್ಳು ಇರುವುದೆಲ್ಲಿ?

ಈ ಪ್ರಶ್ನೆ ನನಗೆ ಎದುರಾದದ್ದು ಗ್ರಂಥಾಲಯದಲ್ಲಲ್ಲ. ಬೆಂಗಳೂರಿನ ವಿಜಯನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆಯೊಂದರ ಮೊದಲ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಖಾಲಿ ಮಾಡುವ ತಿಂಗಳು, ಕೆಳಗಿನ ಮನೆಯಲ್ಲಿದ್ದ ಮಾಲೀಕರಾದ ಆಂಟಿ, "ಆನ್‌ಲೈನಲ್ಲಿ ಹಾಕೋದು ನಿಂಗೇ ಚೆನ್ನಾಗಿ ಗೊತ್ತಲ್ಲ, ನೀನೇ ಹಾಕಿಬಿಡು" ಎಂದರು. ಎರಡು ಕೋಣೆ, ಹಾಲು, ಅಡುಗೆಮನೆ, ಒಂದು ಪುಟ್ಟ ಬಾಲ್ಕನಿ. ನಲವತ್ತು ಫೋಟೊ ತೆಗೆದೆ. ಹಾಕುವುದು ಹತ್ತು ಎಂದುಕೊಂಡಿದ್ದೆ. ಎಲ್ಲ ತೊಡಕೂ ಬಂದದ್ದು ಹಿಂದಿನ ಚಿಕ್ಕ ಕೋಣೆಯಿಂದ. ಅದಕ್ಕಿದ್ದದ್ದು ಒಂದೇ ಕಿಟಕಿ. ಕಿಟಕಿಯಿಂದ ಎರಡೂವರೆ ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಹಗಲಲ್ಲೂ ಲೈಟು ಹಾಕದೆ ಅಲ್ಲಿ ಪುಸ್ತಕ ಓದಲಾಗುತ್ತಿರಲಿಲ್ಲ.

ಆ ಕೋಣೆಯನ್ನು ಫೋನಿನಲ್ಲಿ ಹಿಡಿಯುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಮಧ್ಯಾಹ್ನ ಸ್ವಲ್ಪ ಹೊತ್ತು ಬಿಸಿಲು ಆ ಸಂದಿಗೆ ನೇರವಾಗಿ ಇಳಿಯುತ್ತದೆ, ಪಕ್ಕದವರ ತಿಳಿ ಬಣ್ಣದ ಗೋಡೆ ಹೊಳೆಯುತ್ತದೆ. ಆಗ ಫೋನಿನ ಪರದೆಯಲ್ಲಿ ಕತ್ತಲೆಯಿರುವ ಮೂಲೆಯ ಮೇಲೆ ಬೆರಳಿಟ್ಟರೆ, ಕ್ಯಾಮೆರಾ ಆ ಕತ್ತಲೆಗೆ ಹೊಂದಿಕೊಂಡು ಇಡೀ ಚಿತ್ರವನ್ನು ಬೆಳಗಿಸುತ್ತದೆ. ಕೋಣೆ ತಿಳಿಯಾಗುತ್ತದೆ, ಕಿಟಕಿ ಬರಿಯ ಬಿಳುಪಾಗುತ್ತದೆ. ನೋಡಿದವರಿಗೆ ಹೊರಗೆ ಬಯಲೋ ಆಕಾಶವೋ ಇದ್ದಂತೆ ಕಾಣುತ್ತದೆ. ಅದೇ ಬೆರಳನ್ನು ಕಿಟಕಿಯ ಮೇಲಿಟ್ಟರೆ ಕೋಣೆ ಕಪ್ಪಾಗಿ, ಹೊರಗಿನ ಗೋಡೆ, ಅದರ ಮೇಲಿನ ಪೈಪು, ಪಾಚಿ ಎಲ್ಲ ಸ್ಪಷ್ಟವಾಗುತ್ತವೆ. ಒಂದೇ ಜಾಗ, ಒಂದೇ ನಿಮಿಷ, ಎರಡು ಚಿತ್ರ. ಕಣ್ಣಿಗೆ ಕಾಣುವುದು ಇವೆರಡರ ನಡುವೆ ಎಲ್ಲೋ ಇರುತ್ತದೆ.

ಹಾಗಾಗಿ ಆಂಟಿಯ ವಾದವನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. "ಆ ಕತ್ತಲೆ ರೂಮು ಯಾಕೆ ಹಾಕ್ತೀಯ? ಫೋಟೊದಲ್ಲಿ ಇರೋದಕ್ಕಿಂತ ಕೆಟ್ಟದಾಗಿ ಕಾಣತ್ತೆ. ಬಂದು ನೋಡಲಿ. ಇಷ್ಟ ಆದ್ರೆ ತಗೋತಾರೆ, ಇಲ್ಲಾಂದ್ರೆ ಬಿಡ್ತಾರೆ. ನಾವೇನು ಸುಳ್ಳು ಹೇಳಿದ್ವಾ?" ಮನೆ ಒಂದು ತಿಂಗಳು ಖಾಲಿ ಬಿದ್ದರೆ ಅವರಿಗೆ ಔಷಧಿಯ ಲೆಕ್ಕ ತಪ್ಪುತ್ತಿತ್ತು. ಅವರದು ದುರಾಸೆಯಾಗಿರಲಿಲ್ಲ.

"ನಾವೇನು ಸುಳ್ಳು ಹೇಳಿದ್ವಾ" ಎನ್ನುವ ಮಾತಿಗೆ ತತ್ವಶಾಸ್ತ್ರದಲ್ಲಿ ದೊಡ್ಡವರೊಬ್ಬರ ಬೆಂಬಲವೂ ಇದೆ. ಸುಳ್ಳಿನ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನವನೆಂದು ಹೆಸರಾದ ಇಮ್ಯಾನುಯೆಲ್ ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ಒಂದು ಉದಾಹರಣೆ ಕೊಡುತ್ತಾನೆ. ನಾನು ಪೆಟ್ಟಿಗೆ ಕಟ್ಟುತ್ತಿದ್ದೇನೆ. ನೋಡಿದವರು ಇವನು ಊರಿಗೆ ಹೊರಟ ಎಂದುಕೊಳ್ಳುತ್ತಾರೆ. ಹಾಗೆಂದುಕೊಳ್ಳಲಿ ಎಂಬುದೇ ನನ್ನ ಇಚ್ಛೆ. ಆದರೂ ಅದು ಸುಳ್ಳಲ್ಲ, ಯಾಕೆಂದರೆ ನನ್ನ ಮನಸ್ಸಿನಲ್ಲಿರುವುದನ್ನು ಅವರಿಗೆ ತಿಳಿಸುತ್ತೇನೆಂದು ನಾನು ಹೇಳಿಯೇ ಇಲ್ಲ, ಅದನ್ನು ಕೇಳುವ ಹಕ್ಕೂ ಅವರಿಗಿಲ್ಲ.

ಬಿಳುಚಿದ ಕಿಟಕಿಯ ಫೋಟೊ ಕಾಂಟನ ಪೆಟ್ಟಿಗೆಯಂಥದೇ? ನನಗೆ ಹಾಗನ್ನಿಸುವುದಿಲ್ಲ. ಪೆಟ್ಟಿಗೆ ಕಟ್ಟುವವನು ಯಾರನ್ನೂ ಕರೆದು ತೋರಿಸುತ್ತಿಲ್ಲ. ನೋಡುವವರು ತಾವಾಗಿ ನೋಡಿದರು, ತಾವಾಗಿ ಊಹಿಸಿದರು. ಜಾಹೀರಾತು ಹಾಕಿದವರು "ಇದು ಮನೆ, ನೋಡಿ" ಎಂದು ಆಗಲೇ ಹೇಳಿದ್ದಾರೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು ಬರೆದು, ಅದರ ಜೊತೆಗೆ ಚಿತ್ರಗಳನ್ನಿಟ್ಟ ಮೇಲೆ ಅವು ಸುಮ್ಮನೆ ಕಂಡ ದೃಶ್ಯಗಳಲ್ಲ, ಅವು ಹೇಳಿಕೆಗಳು. ನೋಡುವವರು ಅವುಗಳಿಂದ ಮನೆಯನ್ನು ಊಹಿಸಿಕೊಳ್ಳಲೆಂದೇ ನಾವು ಅವನ್ನು ಹಾಕಿದ್ದೇವೆ. ಊಹೆಯನ್ನು ಬೇಡಿದವರು ಅದು ಎತ್ತ ಹೋಗುತ್ತದೆ ಎಂಬುದಕ್ಕೂ ಹೊಣೆ ಹೊರಬೇಕಾಗುತ್ತದೆ.

ಆಂಟಿ ಆಮೇಲೆ ಒಂದು ರಾಜಿಸೂತ್ರ ತಂದರು: "ಹಾಕಲೇಬೇಕು ಅಂದ್ರೆ ಕೊನೇಲಿ ಹಾಕು." ಇದು ಕೇಳಲು ನ್ಯಾಯವಾಗಿಯೇ ಇದೆ. ಮುಚ್ಚಿಟ್ಟದ್ದೇನೂ ಇಲ್ಲ, ಹತ್ತನೆಯ ಜಾಗದಲ್ಲಿ ಅದು ಇದ್ದೇ ಇದೆ. ಆದರೆ ಕುರುಕ್ಷೇತ್ರದಲ್ಲಿ ಧರ್ಮರಾಯ ಮಾಡಿದ್ದೂ ಇದನ್ನೇ ಅಲ್ಲವೇ? ಸತ್ತದ್ದು ಅಶ್ವತ್ಥಾಮನೆಂಬ ಆನೆ ಎಂಬುದನ್ನು ಅವನೂ ಹೇಳಿದ. ಹೆಸರನ್ನು ಮೊದಲು ಗಟ್ಟಿಯಾಗಿ ಹೇಳಿದ, ಆನೆಯನ್ನು ಕೊನೆಗೆ ಮೆಲ್ಲಗೆ ಹೇಳಿದ. ದ್ರೋಣನ ಕಿವಿ ಎಲ್ಲಿಗೆ ನಿಂತುಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಅವನ ರಥ ಆ ಮಾತಿನ ನಂತರ ನೆಲ ಮುಟ್ಟಿತು ಎನ್ನುತ್ತದೆ ಕಥೆ. ಮೊಬೈಲಿನಲ್ಲಿ ಮನೆ ಹುಡುಕುವವರ ಬೆರಳೂ ಮೊದಲ ಮೂರು ನಾಲ್ಕು ಚಿತ್ರಗಳಿಗೇ ಮುಂದಿನ ಮನೆಗೆ ಜಾರುತ್ತದೆ, ಇಲ್ಲವೇ ಅಷ್ಟರಲ್ಲೇ ಮನಸೋತು ಫೋನು ಮಾಡಿಬಿಡುತ್ತದೆ. ಹತ್ತನೆಯ ಫೋಟೊ ನಮ್ಮ ಆನೆ.

ಹಾಗೆಂದು ಚೆನ್ನಾಗಿರುವುದನ್ನು ಮೊದಲಿಡುವುದೇ ತಪ್ಪೆಂದಲ್ಲ. ಹುಡುಕಾಟದ ಪಟ್ಟಿಯಲ್ಲಿ ಅಂಗೈಯಗಲದ ಒಂದೇ ಚಿತ್ರ ಕಾಣುವಾಗ, ಬೆಳಗಿನ ಬಿಸಿಲು ಬಿದ್ದ ಅಡುಗೆಮನೆಯನ್ನು ಮುಖಚಿತ್ರವಾಗಿಡುವುದರಲ್ಲಿ ಮೋಸವಿಲ್ಲ. ನೆಂಟರು ಬಂದಾಗ ನಾವೂ ಅವರನ್ನು ಹಾಲಿನಲ್ಲೇ ಕೂರಿಸುತ್ತೇವೆ, ಬಚ್ಚಲಿನಲ್ಲಲ್ಲ. ತೊಂದರೆ ಶುರುವಾಗುವುದು ಎರಡನೆಯ ಚಿತ್ರದಿಂದ. ಮುಖಚಿತ್ರ ಆಹ್ವಾನವಾದರೆ, ಅಲ್ಲಿಂದ ಮುಂದಿನದು ನಡಿಗೆ.

ಆ ನಡಿಗೆಯಲ್ಲಿ ಚಿತ್ರಗಳ ಕ್ರಮ ಕೋಣೆಗಳನ್ನೇ ಹುಟ್ಟಿಸಬಲ್ಲದು. ಸುಮಾರು 1920ರಲ್ಲಿ ಸೋವಿಯತ್ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ. ಮಾಸ್ಕೋದ ಬೇರೆ ಬೇರೆ ಬೀದಿಗಳಲ್ಲಿ ನಡೆಯುವ ಇಬ್ಬರು ಭೇಟಿಯಾಗುತ್ತಾರೆ, ನಡುವೆ ಅಮೆರಿಕದ ಶ್ವೇತಭವನದ ತುಣುಕೊಂದು ಬರುತ್ತದೆ, ಅವರು ಮೆಟ್ಟಿಲು ಹತ್ತುತ್ತಾರೆ. ನೋಡುವವರ ಮನಸ್ಸಿನಲ್ಲಿ ಇವೆಲ್ಲ ಸೇರಿ ಒಂದೇ ಜಾಗವಾಗುತ್ತವೆ. ಒಂದೊಂದು ತುಣುಕೂ ನಿಜ, ಹಾಗೆ ಕೂಡಿದ ಊರು ಮಾತ್ರ ಎಲ್ಲೂ ಇಲ್ಲ. ಬಾಡಿಗೆ ಮನೆಯಲ್ಲಿ ಇದು ಇನ್ನೂ ಸರಳ. ನಮ್ಮ ಹಾಲನ್ನು ಬಾಗಿಲ ಕಡೆಯಿಂದ ತೆಗೆದ ಚಿತ್ರ ಎರಡನೆಯದಾಗಿ, ಬಾಲ್ಕನಿಯ ಕಡೆಯಿಂದ ತೆಗೆದದ್ದು ಏಳನೆಯದಾಗಿ ಬಂದರೆ ಮನೆಗೆ ಎರಡು ಹಾಲುಗಳಿವೆ ಎಂದೇ ತೋರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಅದೇ ಬಾಗಿಲೋ ಬೀರುವೋ ಕಾಣುವಂತೆ ನೋಡಿಕೊಂಡರೆ ಈ ಭ್ರಮೆ ಹೋಗುತ್ತದೆ. ಒಂದು ಚಿತ್ರದ ಅಂಚು ಮುಂದಿನ ಚಿತ್ರದೊಳಗೆ ಸ್ವಲ್ಪ ಕಂಡರೆ ನೋಡುವವರು ಮನೆಯೊಳಗೆ ನಡೆಯುತ್ತಾರೆ. ಕಾಣದಿದ್ದರೆ ಹಾರುತ್ತಾರೆ, ಹಾರಿದಷ್ಟು ಜಾಗವನ್ನು ತಾವೇ ಉದಾರವಾಗಿ ತುಂಬಿಕೊಳ್ಳುತ್ತಾರೆ.

ಅಗಲದ ವಿಷಯವೂ ಹೀಗೆಯೇ. ಈಗಿನ ಹಲವು ಫೋನುಗಳಲ್ಲಿ 0.5x ಎಂಬ ಗುಂಡಿಯಿದೆ. ಅದನ್ನೊತ್ತಿ ಮೂಲೆಯಲ್ಲಿ ನಿಂತರೆ ಎದುರಿನ ಗೋಡೆ ಹಿಂದಕ್ಕೆ ಸರಿಯುತ್ತದೆ, ಹತ್ತಡಿಯ ಕೋಣೆ ಛತ್ರದಂತೆ ಕಾಣುತ್ತದೆ. ಚಿಕ್ಕ ಬಚ್ಚಲುಮನೆಯನ್ನು ಬೇರೆ ರೀತಿ ತೆಗೆಯಲು ಆಗುವುದೂ ಇಲ್ಲ, ಆದ್ದರಿಂದ ಇದನ್ನು ಪೂರ್ತಿ ಬಿಡಿ ಎನ್ನಲಾರೆ. ಆದರೆ ಹಿಗ್ಗಿದ ಚಿತ್ರ ತನ್ನನ್ನು ತಾನೇ ಬಿಟ್ಟುಕೊಡುತ್ತದೆ. ಅಂಚಿನಲ್ಲಿರುವ ಮಂಚ, ಬಕೆಟ್ಟು ಎಳೆದಂತೆ ಉದ್ದವಾಗಿರುತ್ತವೆ. ನೆಲದ ಟೈಲ್ಸ್ ಎಣಿಸಿದರೂ ತಿಳಿಯುತ್ತದೆ: ದೊಡ್ಡ ಚೌಕದ ಟೈಲ್ಸ್ ಸಾಮಾನ್ಯವಾಗಿ ಎರಡಡಿಯವು, ಗೋಡೆಯಿಂದ ಗೋಡೆಗೆ ಐದಿದ್ದರೆ ಹತ್ತಡಿ. ನೆಲ ಕಾಣುವಂತೆ ತೆಗೆದ ಚಿತ್ರ ಅಳತೆಯನ್ನು ತಾನಾಗಿಯೇ ಹೇಳಿಬಿಡುತ್ತದೆ.

ಹಾಗಾದರೆ ಏನನ್ನು ಬಿಡಬಹುದು, ಏನನ್ನು ಬಿಡಬಾರದು? ನಲವತ್ತರಲ್ಲಿ ಮೂವತ್ತನ್ನು ಬಿಡಲೇಬೇಕು, ಬಿಡುವುದೆಲ್ಲ ಮೋಸವಾಗಲಾರದು. ನಾನು ಇಟ್ಟುಕೊಂಡ ಗೆರೆ ಇದು: ಬಾಡಿಗೆಗೆ ಬಂದವರು ಬದಲಿಸಿಕೊಳ್ಳಬಹುದಾದದ್ದನ್ನು ಬಿಡಬಹುದು, ಅವರು ಏನು ಮಾಡಿದರೂ ಬದಲಾಗದ್ದನ್ನು ಬಿಡಬಾರದು. ಹಗ್ಗದ ಮೇಲಿನ ಒಗೆದ ಬಟ್ಟೆ, ಸಿಂಕಿನ ಪಾತ್ರೆ, ಗೋಡೆಯ ಮೇಲಿನ ಮೊಳೆ ನನ್ನ ಜೊತೆಗೇ ಹೋಗುತ್ತವೆ. ಅವನ್ನು ಸರಿಸಿ ಫೋಟೊ ತೆಗೆದರೆ ಯಾರಿಗೂ ನಷ್ಟವಿಲ್ಲ. ಕಿಟಕಿಯಾಚೆಯ ಗೋಡೆ, ಹೊರಗಿನ ಮೆಟ್ಟಿಲ ಅಗಲ, ಹಾಲಿಗೇ ತೆರೆದುಕೊಳ್ಳುವ ಬಚ್ಚಲ ಬಾಗಿಲು ಅಲ್ಲೇ ಉಳಿಯುತ್ತವೆ. ಬರುವವರು ಅವುಗಳ ಜೊತೆ ವರ್ಷಗಟ್ಟಲೆ ಬದುಕಬೇಕು.

"ಬಂದು ನೋಡಲಿ" ಎಂಬ ಮಾತಿಗೂ ಇದೇ ಗೆರೆಯಿಂದ ಉತ್ತರ ಸಿಗುತ್ತದೆ. ಬಂದು ನೋಡುವುದು ಎಲ್ಲರಿಗೂ ಒಂದೇ ಬೆಲೆಯದಲ್ಲ. ಪಕ್ಕದ ಬೀದಿಯವರಿಗೆ ಅದು ಹತ್ತು ನಿಮಿಷ. ಕಲಬುರಗಿಯಿಂದ ಹೊಸ ಕೆಲಸಕ್ಕೆ ಬರುವವರಿಗೆ ಒಂದು ರಾತ್ರಿಯ ಬಸ್ಸು, ಒಂದು ದಿನದ ರಜೆ. ಮನೆ ಕೈತಪ್ಪೀತೆಂಬ ಭಯಕ್ಕೆ ಫೋಟೊ ನೋಡಿಯೇ ಟೋಕನ್ ಹಣ ಕಳಿಸುವವರೂ ಇದ್ದಾರೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಬಹುಕಾಲ ನಡೆದ ಊರಿದು. ಆ ಕೋಣೆಯ ಕತ್ತಲೆ ಹೇಗೂ ಯಾರಿಗೋ ನಷ್ಟ ಮಾಡಿಯೇ ಮಾಡುತ್ತದೆ. ಅದನ್ನು ಮರೆಸಿದರೆ ಆ ನಷ್ಟ ಆಂಟಿಯ ಕೈಯಿಂದ ಬಸ್ಸಿನಲ್ಲಿ ಬರುವವರ ಕೈಗೆ ದಾಟುತ್ತದೆ, ಅಷ್ಟೇ.

ಕೊನೆಗೆ ಕ್ರಮ ಹೀಗಾಯಿತು: ಅಡುಗೆಮನೆ, ಹೊರಗಿನ ಮೆಟ್ಟಿಲು, ಹಾಲಿನ ಎರಡು ಚಿತ್ರ, ದೊಡ್ಡ ಕೋಣೆ, ಚಿಕ್ಕ ಕೋಣೆಯ ಎರಡು ಚಿತ್ರ, ಬಚ್ಚಲು, ಬಾಲ್ಕನಿ, ಬೀದಿ. ಚಿಕ್ಕ ಕೋಣೆಯದು ಒಂದು ಲೈಟು ಹಾಕಿದ್ದು, ಒಂದು ಲೈಟು ಹಾಕದೆ ಕಿಟಕಿಯಾಚೆಯ ಗೋಡೆ ಕಾಣುವಂತೆ ತೆಗೆದದ್ದು. ಒಂದೇ ಹಾಕಿದ್ದರೆ ಕ್ಯಾಮೆರಾ ಯಾವುದಾದರೊಂದು ಕಡೆಗೆ ವಾಲುತ್ತಿತ್ತು. ಎರಡಿದ್ದರೆ ಕಣ್ಣು ಕಾಣುವ ನಡುವಣ ಸತ್ಯಕ್ಕೆ ನೋಡುವವರು ತಾವೇ ಬರಬಹುದು. ಫೋಟೊದಲ್ಲಿ ಕೆಟ್ಟದಾಗಿ ಕಾಣುತ್ತದೆ ಎಂಬ ಆಂಟಿಯ ದೂರಿನಲ್ಲಿದ್ದ ನ್ಯಾಯಕ್ಕೂ ಇದರಿಂದ ಜಾಗ ಸಿಕ್ಕಿತು. ಕೆಳಗೆ ಒಂದು ಸಾಲು ಬರೆದೆ: ಈ ಕೋಣೆಗೆ ಹಗಲಲ್ಲೂ ಲೈಟು ಬೇಕು.

ಮೊದಲ ವಾರ ಬಂದ ಫೋನುಗಳು ಕಡಿಮೆ, ಆಂಟಿ ಅದನ್ನು ನನಗೆ ಎರಡು ಸಲ ಹೇಳಿದರು. ಫೋನು ಮಾಡಿದವರು ಆ ಕೋಣೆಯ ಬಗ್ಗೆ ಕೇಳಲಿಲ್ಲ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಗಾಡಿ ನಿಲ್ಲಿಸಲು ಜಾಗ ಇದೆಯೇ ಎಂದು ಕೇಳಿದರು. ಅಂದರೆ ಯಾವ ಫೋಟೊವೂ ತೋರಿಸಲಾಗದ ಸಂಗತಿಗಳಿಗೆ ಅವರ ಪ್ರಶ್ನೆಗಳು ಉಳಿದಿದ್ದವು. ಪ್ರಾಮಾಣಿಕತೆಯಿಂದ ಕೊನೆಗೆ ಲಾಭವೇ ಆಗುತ್ತದೆ ಎಂಬ ಸಮಾಧಾನವನ್ನು ನಾನು ಇಲ್ಲಿ ಕೊಡಲಾರೆ. ಒಂದೆರಡು ವಾರದ ಬಾಡಿಗೆ ಹೋಗಿಬಿಡಬಹುದು. ಹಾಗೆ ಹೋಗುವ ದುಡ್ಡು ಒಬ್ಬರ ಔಷಧಿಯದೇ ಆಗಿದ್ದಾಗ "ಸತ್ಯ ಹೇಳಿ" ಎನ್ನುವುದು ಹೇಳುವವರಿಗೆ ಅಗ್ಗವಾಗಿರುತ್ತದೆ. ಆದರೂ ಆ ಕೋಣೆಯನ್ನು ಯಾರು ಯಾವಾಗ ಮೊದಲು ನೋಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಬದಲಾಗುವುದಿಲ್ಲ: ಮನೆ ಹುಡುಕುವವರು, ಬಸ್ಸು ಹತ್ತುವ ಮೊದಲು.