ಜಪದಲ್ಲಿ ಅಲೆಯುವ ಮನಸ್ಸು: ಮೌನವೋ, ಉಚ್ಚಾರಣೆಯೋ?

ಜಪವನ್ನು ನಮ್ಮ ಪರಂಪರೆಯು ವಾಚಿಕ, ಉಪಾಂಶು, ಮಾನಸ ಎಂದು ಮೂರು ಬಗೆಯಾಗಿ ಗುರುತಿಸುತ್ತದೆ. ಇತರರಿಗೂ ಕೇಳುವಂತೆ ಉಚ್ಚರಿಸುವುದು ವಾಚಿಕ. ತುಟಿ ಅಲುಗಿದರೂ ಪಕ್ಕದವರಿಗೆ ಕೇಳದಿರುವುದು ಉಪಾಂಶು. ತುಟಿ ನಾಲಗೆಗಳೆರಡೂ ನಿಶ್ಚಲವಾಗಿದ್ದು ಮನಸ್ಸಿನಲ್ಲಿಯೇ ನಡೆಯುವುದು ಮಾನಸ. ಕ್ರಿ.ಶ. 959ರಲ್ಲಿ ‘ಯಶಸ್ತಿಲಕ’ವನ್ನು ಪೂರ್ಣಗೊಳಿಸಿದ ಸೋಮದೇವಸೂರಿಗಳು ವಾಚಿಕಕ್ಕೆ ನೂರು ಮಡಿ, ಮಾನಸಕ್ಕೆ ಸಾವಿರ ಮಡಿ ಪುಣ್ಯವೆಂದು ಹೇಳಿದ್ದಾರೆ. ಹಾಗಿದ್ದರೆ ಎಲ್ಲರೂ ಮೌನಜಪವನ್ನೇ ಮಾಡಬೇಕಲ್ಲವೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಆದರೆ ಅವರ ಮಾತಿನಲ್ಲಿ ಒಂದು ನಿಬಂಧನೆಯುಂಟು. ಅದು ಸಮಾಹಿತಚಿತ್ತರ ಜಪವನ್ನು ಕುರಿತು ಆಡಿದ ಮಾತು. ಚಿತ್ತವೇ ಅಲ್ಲಿಲ್ಲದಿರುವಾಗ ಸಾವಿರ ಮಡಿಯ ಲೆಕ್ಕ ಯಾವುದಕ್ಕೆ ಅನ್ವಯಿಸೀತು? ತತ್ತ್ವಾರ್ಥಸೂತ್ರವು ಸಾಮಾಯಿಕದ ಐದು ಅತಿಚಾರಗಳಲ್ಲಿ ಮನಸ್ಸಿನ ದುಷ್ಪ್ರಣಿಧಾನವನ್ನೂ ಸ್ಮೃತ್ಯನುಪಸ್ಥಾನವನ್ನೂ ಎಣಿಸಿದೆ. ಮನಸ್ಸು ಸಲ್ಲದ ಕಡೆಗೆ ಹರಿಯುವುದು ಮೊದಲನೆಯದು; ಮಾಡುತ್ತಿರುವುದರ ನೆನಪೇ ತಪ್ಪುವುದು ಎರಡನೆಯದು. ಅತಿಚಾರವೆಂದರೆ ವ್ರತಕ್ಕೆ ತಗುಲಿದ ಕಲೆ, ವ್ರತಭಂಗವಲ್ಲ. ಆದುದರಿಂದ ಮನಸ್ಸು ಅಲೆಯಿತೆಂದು ಜಪವನ್ನೇ ಬಿಡಬೇಕಾಗಿಲ್ಲ. ಕಲೆಯನ್ನು ತೊಳೆಯುವ ವಿಧಾನವನ್ನು ಆರಿಸಿಕೊಂಡರೆ ಸಾಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಂಗಡಿಯನ್ನು ಮುಚ್ಚಿ ಬಂದ ಒಬ್ಬ ವ್ಯಾಪಾರಿ ಸಂಜೆ ಒಂದು ಮುಹೂರ್ತ, ಅಂದರೆ 48 ನಿಮಿಷ, ಸಾಮಾಯಿಕಕ್ಕೆ ಕುಳಿತಿದ್ದಾನೆ. ಬಾರದ ಬಾಕಿಯ ಚಿಂತೆ ತಲೆಯಲ್ಲಿದೆ. ಆತ ಮೊದಲು ಕಾಯೋತ್ಸರ್ಗದಲ್ಲಿ 9 ಬಾರಿ ಣಮೋಕಾರವನ್ನು 27 ಉಸಿರುಗಳಲ್ಲಿ ಮನಸ್ಸಿನಲ್ಲೇ ನೆನೆಯಲಿ. ಮಂತ್ರವೊಂದಕ್ಕೆ ಮೂರು ಉಸಿರು: ಅರಹಂತರ ಪದಕ್ಕೆ ಉಸಿರು ಒಳಕ್ಕೆ, ಸಿದ್ಧರ ಪದಕ್ಕೆ ಹೊರಕ್ಕೆ, ಆಚಾರ್ಯ, ಉಪಾಧ್ಯಾಯರ ಪದಗಳಿಗೂ ಹಾಗೆಯೇ, ಐದನೆಯ ಪದವು ಮೂರನೆಯ ಉಸಿರಿನಲ್ಲಿ ಎರಡು ಭಾಗವಾಗುತ್ತದೆ. ಪದವೂ ಉಸಿರೂ ಕೊನೆಯವರೆಗೆ ಜೊತೆಗೂಡಿ ನಡೆದರೆ ಅಂದು ಮಾನಸಜಪವೇ ಯೋಗ್ಯ. ಎಣಿಕೆ ಮತ್ತೆ ಮತ್ತೆ ತಪ್ಪಿದರೆ, ಯಾವ ಪದದಲ್ಲಿದ್ದೇನೆಂಬುದು ತಿಳಿಯದಾದರೆ, ಆತನು ಉಪಾಂಶುವಿಗೆ ಇಳಿಯಬೇಕು. ಈಗ ತುಟಿಗಳಿಗೂ ಕೆಲಸವಿರುವುದರಿಂದ ತಪ್ಪಿದ್ದು ಬೇಗನೆ ಗೊತ್ತಾಗುತ್ತದೆ. ಅದೂ ಯಾಂತ್ರಿಕವಾದರೆ ವಾಚಿಕವನ್ನು ಹಿಡಿದು, ತನ್ನ ದನಿಯನ್ನು ತಾನೇ ಆಲಿಸುತ್ತ ನಿಧಾನವಾಗಿ ಉಚ್ಚರಿಸಲಿ. ಮನಸ್ಸು ನೆಲೆಗೊಂಡ ಮೇಲೆ ದನಿಯನ್ನು ತಗ್ಗಿಸಿ, ಕೊನೆಯ 9 ಮಂತ್ರಗಳನ್ನು ಮೌನದಲ್ಲಿ ಮುಗಿಸಬಹುದು.

ಉಚ್ಚಾರಣೆಗೂ ತನ್ನದೇ ಅಪಾಯವಿದೆ. ಬಾಲ್ಯದಿಂದ ಪಳಗಿದ ನಾಲಗೆಯು ಮನಸ್ಸಿನ ನೆರವಿಲ್ಲದೆಯೂ ಮಂತ್ರವನ್ನು ನುಡಿಯಬಲ್ಲದು. ರಾಗವಾಗಿ ಹಾಡುವಾಗ ಕಿವಿಯು ಅರ್ಥವನ್ನು ಬಿಟ್ಟು ಸ್ವರದ ಮಾಧುರ್ಯಕ್ಕೆ ಅಂಟಿಕೊಳ್ಳುವುದೂ ಉಂಟು. ನಡುವೆ ಥಟ್ಟನೆ ನಿಲ್ಲಿಸಿ, ಈಗ ಯಾವ ಪರಮೇಷ್ಠಿಗೆ ನಮಿಸಿದೆನೆಂದು ಕೇಳಿಕೊಂಡರೆ ಉತ್ತರ ಹೊಳೆಯದು. ಇಂತಹ ಅಭ್ಯಾಸದ ಜಾಡನ್ನು ಮುರಿಯಲೆಂದೇ ಆನುಪೂರ್ವಿ ಕೋಷ್ಟಕಗಳಿವೆ. 1ರಿಂದ 5ರವರೆಗಿನ ಅಂಕಿಗಳು ಐದು ಪದಗಳನ್ನು ಸೂಚಿಸುತ್ತವೆ. ಅವುಗಳನ್ನು 120 ಬಗೆಯಲ್ಲಿ ಜೋಡಿಸಬಹುದು. ಕ್ರಮವು ಪ್ರತಿ ಸಾಲಿನಲ್ಲಿಯೂ ಬದಲಾಗುವುದರಿಂದ ಕಣ್ಣೂ ಮನಸ್ಸೂ ಎಚ್ಚರವಿರಲೇಬೇಕು. ಮಂತ್ರವನ್ನು ಕಿರಿದುಗೊಳಿಸುವುದು ಇನ್ನೊಂದು ದಾರಿ. ನೇಮಿಚಂದ್ರರ ದ್ರವ್ಯಸಂಗ್ರಹವು 35 ಅಕ್ಷರಗಳ ಮಂತ್ರದಿಂದ ಹಿಡಿದು 16, 6, 5, 4, 2 ಮತ್ತು ಒಂದೇ ಅಕ್ಷರದವರೆಗೆ ಜಪಧ್ಯಾನಗಳನ್ನು ಹೇಳುತ್ತದೆ. ದಣಿದ ಮನಸ್ಸಿಗೆ 35 ಅಕ್ಷರ ಭಾರವೆನಿಸಿದ ದಿನ ‘ಅಸಿಆಉಸಾ’ ಎಂಬ ಐದೇ ಅಕ್ಷರಗಳಲ್ಲಿ ಪಂಚಪರಮೇಷ್ಠಿಗಳನ್ನು ನೆನೆಯಬಹುದು.

ಬಸದಿಯಲ್ಲಿ ಈ ಆಯ್ಕೆಯು ಒಬ್ಬರಿಗೆ ಮಾತ್ರ ಸಂಬಂಧಿಸಿದುದಲ್ಲ. ನನ್ನ ಚಿತ್ತಸ್ಥೈರ್ಯಕ್ಕಾಗಿ ಎತ್ತಿದ ದನಿಯು ಪಕ್ಕದಲ್ಲಿ ಮೌನವಾಗಿ ಕುಳಿತವರ ಧ್ಯಾನವನ್ನು ಕದಡಿದರೆ ಅದು ಸಾಧನೆಯೆನಿಸದು. ವಾಚಿಕ ಬೇಕಾದವರು ಸಾಮೂಹಿಕ ಪಠಣದಲ್ಲಿ ಸೇರಲಿ, ಇಲ್ಲವೆ ಮನೆಯಲ್ಲಿ ಮಾಡಲಿ. ಟ್ರಸ್ಟಿನವರೂ ಧ್ವನಿವರ್ಧಕದ ಪಠಣಕ್ಕೂ ಮೌನ ಸಾಮಾಯಿಕಕ್ಕೂ ಬೇರೆ ಬೇರೆ ವೇಳೆಯನ್ನು ಗೊತ್ತುಪಡಿಸುವುದು ಉಚಿತ.

ಇಲ್ಲಿರುವ ನೈತಿಕ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಮೌನವು ಮೇಲಿನದೆಂಬ ಕಾರಣಕ್ಕೆ, ಮನಸ್ಸನ್ನು ಪೇಟೆಯಲ್ಲಿ ಬಿಟ್ಟು, ನೋಡುವವರ ಗೌರವಕ್ಕಾಗಿ ಕಣ್ಣುಮುಚ್ಚಿ ಮಣಿ ಸರಿಸುವುದು ಮಾನ ಮತ್ತು ಮಾಯಾ ಕಷಾಯಗಳಿಗೆ ಇಂಬುಕೊಡುತ್ತದೆ. ಕಷಾಯವನ್ನು ಕ್ಷೀಣಿಸಬೇಕಾದ ಜಪವೇ ಅದನ್ನು ಬೆಳೆಸಿದಂತಾಯಿತು. ತುಟಿಯಲುಗಿಸಿ, ತಡವರಿಸಿ ಎಚ್ಚರದಿಂದ ನುಡಿದವನ ಒಂದು ಮಾಲೆ ಅದಕ್ಕಿಂತ ಮೇಲು. ಹೇಮಚಂದ್ರರ ಯೋಗಶಾಸ್ತ್ರವು ಚಿತ್ತಕ್ಕೆ ವಿಕ್ಷಿಪ್ತ, ಯಾತಾಯಾತ, ಶ್ಲಿಷ್ಟ, ಸುಲೀನ ಎಂಬ ನಾಲ್ಕು ಅವಸ್ಥೆಗಳನ್ನು ಹೇಳುತ್ತದೆ. ಹೊರಗೆ ಹೋಗಿ ಮರಳಿ ಬರುವ ಚಿತ್ತವೇ ಯಾತಾಯಾತ. ಅದು ಕೇವಲ ಅಲೆಯುವ ವಿಕ್ಷಿಪ್ತಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಮೂರು ಜಪಗಳಲ್ಲಿ ಯಾವುದು ಇಂದು ಮನಸ್ಸನ್ನು ಮರಳಿ ಕರೆತರುತ್ತದೆಯೋ ಇಂದಿಗೆ ಅದನ್ನೇ ಆಯ್ದುಕೊಳ್ಳುವುದು ಶ್ರಾವಕನಿಗೆ ಶ್ರೇಯಸ್ಕರ.